ಆಳ ಹೆಚ್ಚಿಸಲಾಗದ ಬೀಮಿನಲ್ಲಿ ಮೇಲಿನ ಕಂಬಿಗೆ 0.87fy ಹಿಡಿಯಬಹುದೇ?

"ಬೀಮಿನ ಆಳ 300 ಮಿ.ಮೀ. ದಾಟುವಂತಿಲ್ಲ, ಅಗಲ ಸದ್ಯಕ್ಕೆ 300. ಮೊಮೆಂಟ್ 90 ಕಿಲೋನ್ಯೂಟನ್ ಮೀಟರ್. ಡಬ್ಲಿ ರೀಇನ್‌ಫೋರ್ಸ್ಡ್ ಮಾಡದೆ ಬೇರೆ ದಾರಿಯಿಲ್ಲ. ಕಂಪ್ರೆಷನ್ ಸ್ಟೀಲಿಗೂ 0.87fy ಹಿಡಿದರೆ ಸಾಕಲ್ಲವೇ? ಸ್ಟ್ರೇನ್ ನೋಡಲೇಬೇಕಾ?"

ನೋಡಲೇಬೇಕು. ಹೆಚ್ಚುಕಡಿಮೆ ಇಂಥದ್ದೇ ಬೀಮಿನಲ್ಲಿ ನಾನು ಅದನ್ನು ಬಿಟ್ಟಿದ್ದೆ. ಡಿಸೈನ್ ಪರಿಶೀಲಿಸಿದವರು ಆ ಮಹಡಿಯ ನಕ್ಷೆಗಳನ್ನೆಲ್ಲ ವಾಪಸ್ ಕಳಿಸಿದರು, ಕಟ್ಟಿದ್ದ ಕಂಬಿಯನ್ನು ಬಿಚ್ಚಿಸಬೇಕಾಯಿತು.

ನನ್ನ ಲೆಕ್ಕದ ಹಾಳೆ ಹಳೆಯ ಕೆಲಸದ್ದು. ಅಲ್ಲಿ ಬೀಮುಗಳು ಆಳವಾಗಿದ್ದವು, d'/d, ಅಂದರೆ ಬೀಮಿನ ಮೇಲಂಚಿನಿಂದ ಮೇಲ್ಕಂಬಿಗಿರುವ ದೂರವನ್ನು ಕೆಳಕಂಬಿಗಿರುವ ದೂರದಿಂದ ಭಾಗಿಸಿದ್ದು, ಸುಮಾರು 0.07 ಇತ್ತು. ಅಷ್ಟಿದ್ದಾಗ ಎಫ್‌ಇ 500 ಮೇಲ್ಕಂಬಿಯಲ್ಲಿ ಸುಮಾರು 419 ಎಂಪಿಎ ಸಿಗುತ್ತದೆ. 0.87fy, ಅಂದರೆ 435 ಹಿಡಿದರೂ ತಪ್ಪು ನಾಲ್ಕು ಶೇಕಡಾ ಮಾತ್ರ, ಕಣ್ಣಿಗೆ ಬೀಳುವುದಿಲ್ಲ. ಆಳ ಇಳಿದಾಗ ಕವರ್ ಜೊತೆಗೆ ಇಳಿಯುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ನಿಮ್ಮ ಬೀಮಿನಲ್ಲಿ d = 250, d' = 50 ಎಂದುಕೊಂಡರೆ d'/d ನೇರವಾಗಿ 0.2ಕ್ಕೆ ಏರುತ್ತದೆ. ಮೇಲ್ಕಂಬಿ ನ್ಯೂಟ್ರಲ್ ಆಕ್ಸಿಸ್‌ಗೆ ಹತ್ತಿರವಾದಷ್ಟೂ ಅದರ ಸ್ಟ್ರೇನ್ ಕಡಿಮೆ. ಡಬ್ಲಿ ಮಾಡಲೇಬೇಕಾದ ತೆಳು ಬೀಮಿನಲ್ಲೇ 0.87fy ಅತಿ ಹೆಚ್ಚು ಕೈಕೊಡುತ್ತದೆ. ಎಫ್‌ಇ 250 ಕಾಲದ ಅಭ್ಯಾಸ ಇದ್ದವರಿಗೆ ಇದು ಇನ್ನೂ ಸುಲಭವಾಗಿ ತಪ್ಪುತ್ತದೆ. ಆ ಕಂಬಿ 0.0011 ಸ್ಟ್ರೇನಿಗೇ 217 ಎಂಪಿಎ ಮುಟ್ಟಿಬಿಡುತ್ತಿತ್ತು.

ಐಎಸ್ 456 ಪ್ರಕಾರ, ಎಂ25 ಕಾಂಕ್ರೀಟ್, ಎಫ್‌ಇ 500 ಕಂಬಿ ಹಿಡಿದು ನಿಮ್ಮ ಬೀಮನ್ನೇ ಮಾಡೋಣ:

```
xu,max = 0.46 × 250 = 115 mm
Mu,lim = 0.36 × 25 × 300 × 115 × (250 − 0.42 × 115) = 62.6 kNm
ಉಳಿದದ್ದು = 90 − 62.6 = 27.4 kNm
ಬಲ = 27.4 × 10^6 / (250 − 50) = 137000 N
esc = 0.0035 × (1 − 50/115) = 0.00198
```

ಈ ಸ್ಟ್ರೇನಿಗೆ ಎಸ್‌ಪಿ 16ರ ಪಟ್ಟಿಯಲ್ಲಿ ಸಿಗುವ ಒತ್ತಡ 370 ಎಂಪಿಎ. ಕಂಬಿ ಕೂತ ಜಾಗದ ಕಾಂಕ್ರೀಟಿನ 0.446fck, ಅಂದರೆ 11 ಎಂಪಿಎ, ಅದರಿಂದ ಕಳೆಯಬೇಕು. 137000/359, ಅಂದರೆ ಸುಮಾರು 381 ಚದರ ಮಿ.ಮೀ. ಬೇಕು. 16ರ ಎರಡು ಕಂಬಿ (402) ಸಾಕು. ಕೆಳಗೆ ಕಾಂಕ್ರೀಟಿನ ಬಲಕ್ಕೆ 714, ಮೇಲ್ಕಂಬಿಯ ಬಲಕ್ಕೆ 315, ಒಟ್ಟು 1029. 20ರ ಎರಡು, 16ರ ಎರಡು ಹಾಕಿದರೆ 1030 ಬರುತ್ತದೆ.

435 ಹಿಡಿದಿದ್ದರೆ ಮೇಲೆ 315 ಸಾಕು ಎಂದು ಬರುತ್ತಿತ್ತು, 12ರ ಮೂರು ಕಂಬಿ (339) ಹಾಕಿ ಮುಗಿಸುತ್ತಿದ್ದಿರಿ. ನಾನು ಮಾಡಿದ್ದೂ ಇದನ್ನೇ. ಹಾಗೆ ಮಾಡಿದರೆ ಬೀಮಿನ ತಾಕತ್ತು 89ಕ್ಕೆ ಬರುತ್ತದೆ, 90ಕ್ಕೆ ಒಂದೇ ಕಡಿಮೆ. ಅದಕ್ಕೇ "ಏನಾಗುತ್ತದೆ ಬಿಡಿ" ಅನಿಸುತ್ತದೆ. ಆದರೆ ಸಮತೋಲನದ ಸಮೀಕರಣ ಬಿಡಿಸಿ ನೋಡಿ. ಮೇಲ್ಕಂಬಿ ಹೊರದ ಬಲವನ್ನು ಕಾಂಕ್ರೀಟೇ ಹೊರಬೇಕಾಗಿ ನ್ಯೂಟ್ರಲ್ ಆಕ್ಸಿಸ್ 115ರಿಂದ 119ಕ್ಕೆ ಇಳಿಯುತ್ತದೆ. ಕೆಳಕಂಬಿಯ ಸ್ಟ್ರೇನ್ 0.0039ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಬೇಕಾದದ್ದು 0.87fy/Es + 0.002, ಅಂದರೆ 0.0042. ಬೀಮು ಓವರ್ ರೀಇನ್‌ಫೋರ್ಸ್ಡ್ ಆಯಿತು. ಕೆಳಕಂಬಿ ಸಾಕಷ್ಟು ಎಳೆದು ಬಿರುಕಿನ ಸೂಚನೆ ಕೊಡುವ ಮೊದಲೇ ಮೇಲಿನ ಕಾಂಕ್ರೀಟ್ ಪುಡಿಯಾಗಬಹುದು. ಮೊಮೆಂಟ್ ಒಂದನ್ನೇ ನೋಡುವವರಿಗೆ ಇದು ಕಾಣುವುದೇ ಇಲ್ಲ, ನನಗೂ ಕಂಡಿರಲಿಲ್ಲ. ಆದ್ದರಿಂದ ಕಂಬಿ ಆಯ್ಕೆ ಮಾಡಿದ ಮೇಲೆ, ಹಾಕಿದ ಕಂಬಿಗಳ ವಿಸ್ತೀರ್ಣ ಇಟ್ಟು xu ಇನ್ನೊಮ್ಮೆ ಹುಡುಕಿ. 16ರ ಎರಡು ಹಾಕಿದಾಗ ಅದು 113ರ ಹತ್ತಿರ ಬರುತ್ತದೆ, ಮಿತಿಯೊಳಗಿದೆ.

ಇನ್ನು "ಬೇರೆ ದಾರಿಯಿಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಳ ಕಟ್ಟುಬಿದ್ದಿದೆ, ಸರಿ. ಅಗಲಕ್ಕೂ ಅದೇ ಕಟ್ಟು ಇದೆಯೇ? ಇದೇ ಆಳದಲ್ಲಿ ಅಗಲ 450 ಮಾಡಿದರೆ Mu,lim ಸುಮಾರು 94 ಆಗುತ್ತದೆ, ಮೇಲ್ಕಂಬಿಯ ಈ ಲೆಕ್ಕವೇ ಬೇಡ. ವಾಸ್ತುಶಿಲ್ಪಿಯನ್ನು ಅದನ್ನು ಮೊದಲು ಕೇಳಿ. ಯಾವ ದಾರಿ ಹಿಡಿದರೂ ಡಿಫ್ಲೆಕ್ಷನ್ ಬೇರೆಯಾಗಿ ನೋಡಿ, 300 ಆಳದಲ್ಲಿ ಅದೇ ಮೊದಲು ಅಡ್ಡ ಬರಬಹುದು.

ಡಬ್ಲಿಯೇ ಆಗಬೇಕಾದರೆ ಸ್ಟಿರಪ್ ಕಡೆ ಗಮನ ಕೊಡಿ. ಮೇಲ್ಕಂಬಿ ಬಾಗದಂತೆ ಹಿಡಿಯುವುದು ಅದೇ. 16ರ ಕಂಬಿಗೆ ಅಂತರ 16 ಪಟ್ಟು, ಅಂದರೆ 256 ಮಿ.ಮೀ. ದಾಟಬಾರದು, ಶಿಯರ್‌ನ 0.75d ಮಿತಿ ಇಲ್ಲಿ 187ಕ್ಕೇ ತಡೆಯುತ್ತದೆ. ಅದಕ್ಕಿಂತ ಮುಖ್ಯ ಸ್ಟಿರಪ್‌ನ ಎತ್ತರ. ಬಾರ್ ಬೆಂಡರ್ 15 ಮಿ.ಮೀ. ಗಿಡ್ಡ ಮಾಡಿ ಕೆಳಕ್ಕೆ ಕೂರಿಸಿದರೆ d' 65 ಆಗುತ್ತದೆ, ಸ್ಟ್ರೇನ್ 0.0015ಕ್ಕೆ ಇಳಿಯುತ್ತದೆ, ಒತ್ತಡ 370ರ ಬದಲು 304 ಮಾತ್ರ. ಕಾಂಕ್ರೀಟ್ ಹಾಕುವ ಮೊದಲು ಆ ಎತ್ತರವನ್ನು ನೀವೇ ಟೇಪ್ ಹಿಡಿದು ಅಳೆಯಿರಿ.