ಶುಲ್ಕ ಪರಿಷ್ಕರಣೆಯ ನೋಟಿಸ್: ಕಂತಿನ ದಿನಾಂಕ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮದು ರಾಜ್ಯ ಪಠ್ಯಕ್ರಮದ ಅನುದಾನರಹಿತ ಶಾಲೆ. 2026–27ನೇ ಸಾಲಿಗೆ ಶುಲ್ಕವನ್ನು 36,000 ರೂಪಾಯಿಯಿಂದ 39,600ಕ್ಕೆ ಏರಿಸಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಕಳೆದ ಸಲ ‘ಜೂನ್, ಅಕ್ಟೋಬರ್, ಜನವರಿ ತಿಂಗಳ 10ರೊಳಗೆ ಮೂರು ಕಂತಿನಲ್ಲಿ ಕಟ್ಟತಕ್ಕದ್ದು, ತಪ್ಪಿದಲ್ಲಿ ದಂಡ’ ಎಂದು ನೋಟಿಸ್ ಕೊಟ್ಟಿದ್ದೆವು. ದಂಡದ ವಿಷಯಕ್ಕೆ ಆಫೀಸಿನಲ್ಲಿ ದಿನವೂ ವಾದವಾಯಿತು. ಈ ಸಲ ಪೋಷಕರಿಗೆ ನೋವಾಗದಂತೆ, ಗೊಂದಲವೂ ಆಗದಂತೆ ಹೇಗೆ ಬರೆಯಬೇಕು?
— ಮುಖ್ಯ ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ಮೊದಲು ಕ್ಯಾಲೆಂಡರ್ ತೆರೆದಿಟ್ಟುಕೊಳ್ಳಿ. 2026ರ ಜೂನ್ 10 ಬುಧವಾರ, ಅದರಲ್ಲಿ ತೊಂದರೆಯಿಲ್ಲ. ಅಕ್ಟೋಬರ್ 10 ಎರಡನೇ ಶನಿವಾರ, ಬ್ಯಾಂಕ್ ರಜೆ. 2027ರ ಜನವರಿ 10 ಭಾನುವಾರ. ಅಂದರೆ ಹಳೆಯ ನೋಟಿಸನ್ನೇ ಮತ್ತೆ ಅಚ್ಚು ಹಾಕಿಸಿದರೆ ಮೂರರಲ್ಲಿ ಎರಡು ಕಂತಿನ ಕೊನೆಯ ದಿನ ಬ್ಯಾಂಕ್ ಬಾಗಿಲು ತೆರೆದಿರುವುದಿಲ್ಲ. ಸೋಮವಾರ ಚಲನ್ ಹಿಡಿದು ಬಂದ ತಂದೆಗೆ ದಂಡ ಹಾಕಿದರೆ ಅವರು ಕೇಳುವ ಪ್ರಶ್ನೆಗೆ ನಿಮ್ಮ ಗುಮಾಸ್ತರ ಬಳಿ ಉತ್ತರ ಇರುವುದಿಲ್ಲ. ‘ಪ್ರತಿ ತಿಂಗಳ ಇಂಥ ತಾರೀಖು’ ಎಂಬ ಸೂತ್ರ ಬಿಟ್ಟು, ಮೂರೂ ದಿನಗಳನ್ನು ಬೇರೆ ಬೇರೆಯಾಗಿ ಆರಿಸಿ, ಪಕ್ಕದಲ್ಲಿ ವಾರವನ್ನೂ ಬರೆಯಿರಿ. ವಾರ ಬರೆಯುವಾಗಲೇ ತಪ್ಪು ನಿಮ್ಮ ಕಣ್ಣಿಗೆ ಬೀಳುತ್ತದೆ.

ನಿಮಗೆ ಹೊಂದುವ ದಿನಗಳು ಇವು: 10 ಜೂನ್ 2026 ಬುಧವಾರ, 8 ಅಕ್ಟೋಬರ್ 2026 ಗುರುವಾರ, 12 ಜನವರಿ 2027 ಮಂಗಳವಾರ. ಸಂಬಳದ ಕುಟುಂಬಗಳಿಗೆ ತಿಂಗಳ ಮೊದಲ ವಾರ ಹಣ ಕೈಸೇರುತ್ತದೆ. ಹಣ ಬಂದ ಮೇಲೆ ಮೂರ್ನಾಲ್ಕು ದಿನ ಸಿಗುವಂತಿದ್ದರೆ ಸಾಕು. ಅಕ್ಟೋಬರ್ ಕಂತು ದಸರಾ ರಜೆಗೆ ಮುಂಚೆಯೇ ಮುಗಿಯುವುದು ಒಳ್ಳೆಯದು, ರಜೆಯಲ್ಲಿ ನಿಮ್ಮ ಕೌಂಟರ್ ಕೂಡ ಮುಚ್ಚಿರುತ್ತದೆ. ಕಾಫಿ, ಶುಂಠಿ, ಆಲೂಗಡ್ಡೆ ಬೆಳೆಯುವ ಮನೆಗಳಿಗೆ ಈ ಲೆಕ್ಕ ಹೊಂದದು. ಅವರಿಗಾಗಿ ಎಲ್ಲರ ದಿನಾಂಕವನ್ನು ಸಡಿಲಿಸುವುದಕ್ಕಿಂತ, ಲಿಖಿತ ಮನವಿ ಕೊಟ್ಟರೆ ಬೇರೆ ದಿನ ಕೊಡುವ ದಾರಿಯನ್ನು ನೋಟಿಸಿನಲ್ಲೇ ತೆರೆದಿಡಿ.

‘10ರೊಳಗೆ’ ಎಂಬ ಮಾತು ವಾದದ ಮೂಲ. ಹತ್ತನೇ ತಾರೀಖು ಸೇರಿದೆಯೇ ಇಲ್ಲವೇ ಎಂದು ಇಬ್ಬರು ಎರಡು ಥರ ಓದುತ್ತಾರೆ. ‘10 ಜೂನ್ ಸೇರಿದಂತೆ’ ಎಂದು ಬರೆಯಿರಿ. ಕೌಂಟರಿನಲ್ಲಿ ಎಷ್ಟು ಗಂಟೆಯವರೆಗೆ, ಆನ್‌ಲೈನಿನಲ್ಲಿ ಎಷ್ಟು ಗಂಟೆಯವರೆಗೆ ಎಂಬುದನ್ನೂ ಸೇರಿಸಿ. ಆನ್‌ಲೈನ್ ಪಾವತಿಯಲ್ಲಿ ಪೋಷಕರ ಖಾತೆಯಿಂದ ಹಣ ಹೋದ ದಿನ ಒಂದು, ಗೇಟ್‌ವೇ ಮೂಲಕ ಶಾಲೆಯ ಖಾತೆಗೆ ಬಂದ ದಿನ ಇನ್ನೊಂದು. ಗುಮಾಸ್ತರು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಎರಡನೆಯದನ್ನು ಹಿಡಿದರೆ ಸರಿಯಾದ ದಿನವೇ ಕಟ್ಟಿದವರಿಗೂ ದಂಡ ಬೀಳುತ್ತದೆ. ಹಣ ಕಡಿತವಾದ ದಿನವೇ ಪಾವತಿಯ ದಿನ ಎಂದು ಸ್ಪಷ್ಟಪಡಿಸಿ. ಚೆಕ್ ಆದರೆ ಕಚೇರಿಗೆ ಕೊಟ್ಟ ದಿನ, ಅದು ಪಾಸಾದರೆ ಮಾತ್ರ.

ದಂಡವನ್ನು ದಿನದ ಲೆಕ್ಕದಲ್ಲಿ ಹಾಕಬೇಡಿ. ಮೊತ್ತ ದಿನದಿನಕ್ಕೆ ಬದಲಾದರೆ ಪೋಷಕರು ಮನೆಯಿಂದ ತಂದ ಹಣವೂ ಕೌಂಟರಿನಲ್ಲಿ ಕೇಳುವ ಹಣವೂ ತಾಳೆಯಾಗುವುದಿಲ್ಲ. ಏಳು ದಿನ ರಿಯಾಯಿತಿ, ಆಮೇಲೆ ಆ ಕಂತಿಗೆ ಒಂದೇ ಬಾರಿ ನಿಗದಿತ ಮೊತ್ತ ಎಂದಿದ್ದರೆ ಎರಡೂ ಕಡೆಯವರಿಗೆ ನೆನಪಿರುತ್ತದೆ. ಏಳನೇ ದಿನ ಯಾವುದೆಂದು ಅವರೇ ಎಣಿಸಿಕೊಳ್ಳಲಿ ಎಂದು ಬಿಡದೆ ಅದನ್ನೂ ತಾರೀಖಿನಲ್ಲೇ ಕೊಡಿ. ಜೂನ್ ಕಂತಿಗೆ ಅದು 17, ಬುಧವಾರ. ಅಕ್ಟೋಬರ್ ಕಂತಿಗೆ 15, ಗುರುವಾರ. ಜನವರಿ ಕಂತಿಗೆ 19, ಮಂಗಳವಾರ. ಅಕ್ಟೋಬರ್ 15 ನಿಮ್ಮ ದಸರಾ ರಜೆಯೊಳಗೆ ಬಿದ್ದರೆ, ರಿಯಾಯಿತಿಯನ್ನು ಶಾಲೆ ಮತ್ತೆ ತೆರೆಯುವ ಮರುದಿನಕ್ಕೆ ಒಯ್ಯಿರಿ.

ಇನ್ನು ಏರಿಕೆಯ ವಿವರ. ‘ಅನಿವಾರ್ಯ ಕಾರಣಗಳಿಂದ’ ಎಂದರೆ ಪೋಷಕರಿಗೆ ಏನೂ ಹೇಳಿದಂತಾಗುವುದಿಲ್ಲ. ‘ಅಲ್ಪ ಏರಿಕೆ’ ಎಂದರೆ ಇನ್ನೂ ಕೆಟ್ಟದು. 3,600 ರೂಪಾಯಿ ಅಲ್ಪವೋ ಅಲ್ಲವೋ ಎಂದು ತೀರ್ಮಾನಿಸಬೇಕಾದವರು ಅದನ್ನು ಕಟ್ಟುವವರು. ಕಳೆದ ವರ್ಷ ಎಷ್ಟು, ಈ ವರ್ಷ ಎಷ್ಟು, ಯಾವ ಬಾಬ್ತಿನಲ್ಲಿ ಹೆಚ್ಚಾಗಿದೆ ಎಂಬುದನ್ನು ರೂಪಾಯಿಯಲ್ಲೇ ಕೊಡಿ, ಬರೀ ಶೇಕಡಾವಾರು ಸಾಲದು. ಬೋಧನಾ ಶುಲ್ಕವನ್ನು ಬೇರೆಯಾಗಿ ತೋರಿಸಲು ಮತ್ತೊಂದು ಕಾರಣವೂ ಇದೆ: ಹಳೆಯ ತೆರಿಗೆ ಪದ್ಧತಿಯಲ್ಲಿರುವ ಪೋಷಕರಿಗೆ ಬೋಧನಾ ಶುಲ್ಕಕ್ಕೆ ಮಾತ್ರ ವಿನಾಯಿತಿ ಸಿಗುತ್ತದೆ. ರಸೀದಿಯಲ್ಲಿ ಎಲ್ಲವೂ ಒಟ್ಟಾಗಿದ್ದರೆ ಫೆಬ್ರವರಿಯಲ್ಲಿ ಪ್ರಮಾಣಪತ್ರಕ್ಕಾಗಿ ಅವರು ಮತ್ತೆ ನಿಮ್ಮ ಬಾಗಿಲಿಗೇ ಬರುತ್ತಾರೆ.

ನೋಟಿಸಿನ ತಿರುಳು ಹೀಗಿರಲಿ. ಬಾಬ್ತು ಮತ್ತು ವಿಳಂಬ ಶುಲ್ಕದ ಅಂಕಿಗಳು ಮಾದರಿಗೆ ಮಾತ್ರ, ನಿಮ್ಮ ಮಂಡಳಿಯ ನಿರ್ಣಯದಂತೆ ತಿದ್ದಿಕೊಳ್ಳಿ.

> ಮಾನ್ಯ ಪೋಷಕರೇ,
>
> 2026–27ನೇ ಶೈಕ್ಷಣಿಕ ಸಾಲಿಗೆ ನಮ್ಮ ಶಾಲೆಯ ವಾರ್ಷಿಕ ಶುಲ್ಕ ರೂ. 39,600 ಆಗಿರುತ್ತದೆ. ಕಳೆದ ಸಾಲಿನಲ್ಲಿ ಇದು ರೂ. 36,000 ಇತ್ತು. ಬೋಧನಾ ಶುಲ್ಕ ರೂ. 30,000ದಿಂದ 33,000ಕ್ಕೆ, ಕ್ರೀಡೆ ಮತ್ತು ಚಟುವಟಿಕೆ ಶುಲ್ಕ ರೂ. 3,000ದಿಂದ 3,600ಕ್ಕೆ ಹೆಚ್ಚಿದೆ. ಗ್ರಂಥಾಲಯ ಮತ್ತು ಪ್ರಯೋಗಾಲಯ ಶುಲ್ಕ ರೂ. 3,000 ಬದಲಾಗಿಲ್ಲ. ಶಿಕ್ಷಕರ ವೇತನ ಪರಿಷ್ಕರಣೆ ಈ ಏರಿಕೆಗೆ ಮುಖ್ಯ ಕಾರಣ.
>
> ಶುಲ್ಕವನ್ನು ತಲಾ ರೂ. 13,200ರ ಮೂರು ಕಂತುಗಳಲ್ಲಿ ಪಾವತಿಸಬಹುದು. ಕೊನೆಯ ದಿನಗಳು: 10 ಜೂನ್ 2026, ಬುಧವಾರ, 8 ಅಕ್ಟೋಬರ್ 2026, ಗುರುವಾರ, 12 ಜನವರಿ 2027, ಮಂಗಳವಾರ. ಆ ದಿನವೂ ಸೇರಿದಂತೆ ಸಂಜೆ 4 ಗಂಟೆಯವರೆಗೆ ಕಚೇರಿಯಲ್ಲಿ, ರಾತ್ರಿ 11.59ರವರೆಗೆ ಆನ್‌ಲೈನಿನಲ್ಲಿ ಪಾವತಿಸಬಹುದು. ಕೊನೆಯ ದಿನದ ನಂತರ ಏಳು ದಿನಗಳವರೆಗೆ, ಅಂದರೆ ಕ್ರಮವಾಗಿ 17 ಜೂನ್ ಬುಧವಾರ, 15 ಅಕ್ಟೋಬರ್ ಗುರುವಾರ, 19 ಜನವರಿ ಮಂಗಳವಾರ ಸೇರಿದಂತೆ, ವಿಳಂಬ ಶುಲ್ಕ ಇರುವುದಿಲ್ಲ. ಆ ಬಳಿಕ ಪ್ರತಿ ಕಂತಿಗೆ ಒಮ್ಮೆ ಮಾತ್ರ ರೂ. 200.
>
> ಈ ದಿನಗಳಲ್ಲಿ ಪಾವತಿಸಲು ತೊಂದರೆ ಇದ್ದವರು ಕೊನೆಯ ದಿನಕ್ಕೆ ಮೊದಲೇ ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ಕೊಡಬೇಕಾಗಿ ಕೋರುತ್ತೇವೆ. ಐದು ದಿನಗಳಲ್ಲಿ ಉತ್ತರಿಸುತ್ತೇವೆ. ಆರ್‌ಟಿಇ ಸೀಟಿನಲ್ಲಿ ಓದುತ್ತಿರುವ ಮಕ್ಕಳಿಗೆ ಈ ಸೂಚನೆ ಅನ್ವಯಿಸುವುದಿಲ್ಲ.

ಕೊನೆಯ ವಾಕ್ಯವನ್ನು ಬಿಡಬೇಡಿ. ಆರ್‌ಟಿಇಯಡಿ ಸೇರಿದ ಮಕ್ಕಳಿಗೆ 8ನೇ ತರಗತಿಯವರೆಗೆ ಶಿಕ್ಷಣ ಉಚಿತ. ಸಾಮಾನ್ಯ ನೋಟಿಸ್ ಕೈಗೆ ಸಿಕ್ಕಾಗ ಆ ಮನೆಗಳಲ್ಲಿ ಹುಟ್ಟುವ ಆತಂಕ ಸುಳ್ಳಲ್ಲ. ಹಾಗೆಯೇ ‘ಶುಲ್ಕ ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ’ ಎಂಬ ಎಚ್ಚರಿಕೆಗೆ ಈ ಪತ್ರದಲ್ಲಿ ಜಾಗವಿಲ್ಲ. ಬಾಕಿ ದೊಡ್ಡವರ ನಡುವಿನ ವ್ಯವಹಾರ, ಅದನ್ನು ಮಗುವಿನ ಪರೀಕ್ಷೆಗೆ ಕಟ್ಟಿಹಾಕುವುದು ತಪ್ಪು.

ಮಂಡಳಿಯ ನಿರ್ಣಯದ ದಿನಾಂಕ, ನೋಟಿಸಿನ ಕ್ರಮಸಂಖ್ಯೆ, ಮೊಹರು ಮತ್ತು ಸಹಿ ಇರಲಿ. ಬೇಸಿಗೆ ರಜೆಗೆ ಮುಂಚೆ, ಫಲಿತಾಂಶ ಕೊಡುವ ದಿನ ಅಥವಾ ಅದಕ್ಕೂ ಮೊದಲು ಪೋಷಕರ ಕೈಗೆ ತಲುಪಿಸಿ. ಶಾಲೆ ತೆರೆದ ಮೇಲೆ ಕೊಟ್ಟರೆ ಬೇರೆ ಶಾಲೆ ನೋಡಲು ಅವರಿಗೆ ಸಮಯವೇ ಉಳಿದಿರುವುದಿಲ್ಲ, ಸಿಟ್ಟು ಬರುವುದು ಸಹಜ. ಅದೇ ಪ್ರತಿ ಸೂಚನಾ ಫಲಕದಲ್ಲೂ ಇರಲಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದಾದರೆ ಹೊಸದಾಗಿ ಟೈಪ್ ಮಾಡದೆ ಸಹಿ ಇರುವ ಪ್ರತಿಯ ಚಿತ್ರವನ್ನೇ ಹಾಕಿ. ಕಂತು ಬಾಕಿ ಇರುವವರಿಗೆ ನೆನಪೋಲೆ ಕಳಿಸುವಾಗ ಮಾತ್ರ ಗುಂಪು ಬೇಡ, ತರಗತಿಯಲ್ಲಿ ಹೆಸರು ಕೂಗುವುದೂ ಬೇಡ. ಆ ಪೋಷಕರೊಬ್ಬರಿಗೇ ಸಂದೇಶ ಹೋಗಲಿ, ಅದರಲ್ಲಿ ಬಾಕಿ ಮೊತ್ತ ಮತ್ತು ರಿಯಾಯಿತಿ ಮುಗಿಯುವ ತಾರೀಖು ಎರಡೂ ಇರಲಿ.