ಸ್ಯಾಂಪಲ್ ನಾಲ್ಕು ಪಟ್ಟು, ಎರರ್ ಅರ್ಧ ಮಾತ್ರ

"ಪುಣೆಲಿ ಎಂಎಸ್ಸಿ ಮಾಡ್ತಿದೀನಿ. e^x ನ 0 ಇಂದ 1ರ ತನಕ ಮಾಂಟೆ ಕಾರ್ಲೊದಲ್ಲಿ ಇಂಟಿಗ್ರೇಟ್ ಮಾಡ್ದೆ, 10,000 ಸ್ಯಾಂಪಲ್‌ನ 40,000 ಮಾಡಿದ್ರೂ ಸ್ಟ್ಯಾಂಡರ್ಡ್ ಎರರ್ ಬರೀ ಅರ್ಧ ಆಯ್ತು, ಯಾಕೆ?"

ಸರಿಯಾಗೇ ಬಂದಿದೆ, ಸರಾಸರಿಯ ವೇರಿಯನ್ಸ್ n ನಿಂದ ಭಾಗ ಆಗುತ್ತೆ, ಎರರ್ ಅದರ ವರ್ಗಮೂಲ, ಹಾಗಾಗಿ 0.0049 ಇದ್ದದ್ದು 0.0025 ಆಗಿರುತ್ತೆ. ಇನ್ನೂ ಸ್ಯಾಂಪಲ್ ಸುರಿಯೋ ಬದಲು 0 ಇಂದ 1ರ ಒಳಗಿನ ಪ್ರತಿ ರ‍್ಯಾಂಡಮ್ ಸಂಖ್ಯೆ u ಜೊತೆ 1-u ನೂ ಹಾಕಿ, ಎರಡರಲ್ಲೂ ಬರೋ e^x ಬೆಲೆಗಳ ಸರಾಸರಿ ತಗೊಳ್ಳಿ, ಇದೇ ಆಂಟಿಥೆಟಿಕ್ ವಿಧಾನ. e^x ಏರ್ತಾನೇ ಹೋಗೋದ್ರಿಂದ ಒಂದು ಜಾಸ್ತಿ ಬಂದ್ರೆ ಇನ್ನೊಂದು ಕಮ್ಮಿ ಬಂದು ಸರಿದೂಗುತ್ತೆ, 5,000 ಜೋಡಿಗೇ ಎರರ್ ಸುಮಾರು 0.0009. ಆದ್ರೆ ಎರರ್ ಲೆಕ್ಕಕ್ಕೆ ಜೋಡಿ ಸರಾಸರಿಗಳ ಸ್ಟ್ಯಾಂಡರ್ಡ್ ಡೀವಿಯೇಶನ್ನೇ ಬೇಕು, ಬಿಡಿ ಬೆಲೆಗಳದ್ದು ತಗೊಂಡ್ರೆ ಲಾಭ ಕಾಣ್ಸೋದೇ ಇಲ್ಲ. ಮತ್ತೆ (x-0.5)^2 ತರದ ಫಂಕ್ಷನ್‌ಗೆ ಇದು ಬೇಡವೇ ಬೇಡ, ಜೋಡಿಯ ಎರಡೂ ಬೆಲೆ ಒಂದೇ ಬಂದು ಅರ್ಧ ಸ್ಯಾಂಪಲ್ ದಂಡ, ಸರಾಸರಿ ಮೊದಲೇ ಗೊತ್ತಿರೋ x ನ ಕಂಟ್ರೋಲ್ ವೇರಿಯೇಟ್ ಮಾಡಿ ಎರರ್ ಇಳಿಸೋಕೆ ಹೋದ್ರೂ ಅಲ್ಲಿ ಕೋರಿಲೇಶನ್ ಸೊನ್ನೆ, ಉಪಯೋಗ ಇಲ್ಲ.