ಫೈನಲ್ ಪೇಪರ್‌ನಲ್ಲಿ ಹಳೆ ಯೂನಿಟ್‌ಗಳ ಪ್ರಶ್ನೆ ಹೇಗಿರಬೇಕು?

"ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ. ಸೆಮಿಸ್ಟರ್ ಫೈನಲ್ ಪೇಪರ್ ಸೆಟ್ ಮಾಡುತ್ತಿರುವುದು ಇದೇ ಮೊದಲು. ಕೊನೆಯ ಯೂನಿಟ್‌ಗಳಷ್ಟೇ ಅಲ್ಲ, ಮೊದಲಿನವೂ ನೆನಪಿವೆಯಾ ಅಂತ ಗೊತ್ತಾಗಬೇಕು ಎಂದಿದ್ದಾರೆ ಎಚ್‌ಓಡಿ. ಇಂಟರ್ನಲ್ಸ್‌ನಲ್ಲಿ ಕೇಳಿದ್ದನ್ನೇ ಮತ್ತೆ ಕೇಳಿದರೆ ಸಾಕಾ? ಎಷ್ಟು ಮಾರ್ಕ್ಸ್ ಇಡಬೇಕು?"

ಸಾಕಾಗಲ್ಲ. ನಾನು ಮೊದಲ ಸಲ ಮಾಡಿದ್ದು ಅದೇ ತಪ್ಪು, ಅದಕ್ಕೇ ಬರೆಯುತ್ತಿದ್ದೇನೆ. ಕೋಲಾರದ ಹತ್ತಿರ ಒಂದು ಆಟೋನಮಸ್ ಕಾಲೇಜಿನಲ್ಲಿ ನಾನೂ ನಿಮ್ಮ ಸಬ್ಜೆಕ್ಟೇ ಪಾಠ ಮಾಡುತ್ತೇನೆ. ಆ ವರ್ಷ ಫಸ್ಟ್ ಇಂಟರ್ನಲ್ಸ್‌ನ ಸ್ಟ್ಯಾಂಡರ್ಡ್ ಡೀವಿಯೇಶನ್ ಲೆಕ್ಕವನ್ನೇ ಅಂಕಿ ಬದಲಿಸಿ ಫೈನಲ್‌ಗೆ ಇಟ್ಟೆ. ಮೇಲೆ ದಪ್ಪಕ್ಷರದಲ್ಲಿ "ಯೂನಿಟ್ 1" ಅಂತಲೂ ಇತ್ತು. ಹೆಚ್ಚುಕಡಿಮೆ ಎಲ್ಲರೂ ಸರಿ ಮಾಡಿದರು. ನನಗೆ ಖುಷಿಯಾಯ್ತು. ಮುಂದಿನ ಸೆಮಿಸ್ಟರ್‌ನಲ್ಲಿ ಅದೇ ಮಕ್ಕಳ ಮುಂದೆ, ಯಾವ ಹೆಡಿಂಗೂ ಇಲ್ಲದೆ, ಒಂದಷ್ಟು ಅಂಕಿ ಬರೆದು "ಇವು ಎಷ್ಟು ಚದುರಿವೆ ಹೇಳಿ" ಎಂದೆ. ಕ್ಲಾಸಿನಲ್ಲಿ ಅರ್ಧಕ್ಕರ್ಧ ಜನ ಪೆನ್ ಹಿಡಿದು ಸುಮ್ನೆ ಕೂತರು. ಸೂತ್ರ ಅವರಿಗೆ ಮರೆತಿರಲಿಲ್ಲ. ಇಲ್ಲಿ ಬೇಕಾಗಿರುವುದು ಆ ಸೂತ್ರವೇ ಅಂತ ಹೊಳೆಯಲಿಲ್ಲ, ಅಷ್ಟೇ.

ಯೂನಿಟ್ ಟೆಸ್ಟ್‌ನಲ್ಲಿ ಯಾವ ವಿಧಾನ ಬಳಸಬೇಕು ಅಂತ ಯೂನಿಟ್ಟೇ ಹೇಳಿಬಿಡುತ್ತೆ. ಎರಡನೇ ಯೂನಿಟ್ ಟೆಸ್ಟ್ ಅಂದರೆ ಕೋರಿಲೇಶನ್ ಅಥವಾ ರಿಗ್ರೆಶನ್, ಬೇರೇನೂ ಬರಲ್ಲ. ಫೈನಲ್‌ನಲ್ಲಿ ಐದೂ ಯೂನಿಟ್ ಎದುರಿಗಿರುತ್ತವೆ. ಆಯ್ಕೆ ಮಾಡುವುದೇ ಅಲ್ಲಿ ಅರ್ಧ ಕೆಲಸ. 2007ರಲ್ಲಿ ರೋರರ್ ಮತ್ತು ಟೇಲರ್ ಎಂಬ ಇಬ್ಬರು ಸಂಶೋಧಕರು ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ ಕೊಟ್ಟು ಇದನ್ನೇ ನೋಡಿದರು. ಕೆಲವರಿಗೆ ಒಂದೊಂದು ಬಗೆಯ ಲೆಕ್ಕವನ್ನು ಒಟ್ಟಿಗೆ ಕೊಟ್ಟರು, ಉಳಿದವರಿಗೆ ಎಲ್ಲ ಬಗೆಯನ್ನೂ ಕಲಸಿ ಕೊಟ್ಟರು. ಅಭ್ಯಾಸ ಮಾಡುವಾಗ ಒಂದೊಂದಾಗಿ ಮಾಡಿದವರು ಶೇ 89 ಸರಿ, ಕಲಸಿ ಮಾಡಿದವರು ಶೇ 60. ವಾರದ ನಂತರ ಟೆಸ್ಟ್ ಕೊಟ್ಟಾಗ ಒಂದೊಂದಾಗಿ ಮಾಡಿದವರು ಶೇ 20ಕ್ಕೆ ಇಳಿದರು. ಕಲಸಿ ಮಾಡಿದವರು ಶೇ 63ರಲ್ಲಿ ನಿಂತರು. ನಮ್ಮ ಇಂಟರ್ನಲ್ಸ್ ಮಾರ್ಕ್ಸ್ ಆ 89ರ ಥರ. ನೋಡಲು ಚೆನ್ನ, ಆದರೆ ಉಳಿದದ್ದೆಷ್ಟು ಅಂತ ಅದು ಹೇಳಲ್ಲ.

ಹಾಗಾಗಿ ಮೊದಲು ಪೇಪರ್‌ನಿಂದ "ಯೂನಿಟ್ 1, ಯೂನಿಟ್ 2" ಎಂಬ ಹೆಡಿಂಗ್‌ಗಳನ್ನು ತೆಗೆಯಿರಿ. ಪ್ರಶ್ನೆಗಳ ಕ್ರಮವನ್ನೂ ಕಲಸಿ. ಆಮೇಲೆ ಚಾಯ್ಸ್ ನೋಡಿ. "ಯಾವುದಾದರೂ ಐದಕ್ಕೆ ಉತ್ತರಿಸಿ" ಅಂತ ಇದ್ದರೆ ಹಳೆ ಯೂನಿಟ್ ಮರೆತವರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ, ನಿಮಗೆ ಏನೂ ಗೊತ್ತಾಗಲ್ಲ. ಹಳೆಯದನ್ನು ಪರೀಕ್ಷಿಸುವ ಪ್ರಶ್ನೆಗಳೆಲ್ಲ ಕಡ್ಡಾಯ ಭಾಗದಲ್ಲೇ ಇರಲಿ. ಚಾಯ್ಸ್ ಕೊಡಲೇಬೇಕೆಂದರೆ ಹೊಸ ಯೂನಿಟ್‌ಗಳ ದೊಡ್ಡ ಪ್ರಶ್ನೆಗಳಲ್ಲಿ ಕೊಡಿ.

ಈಗ ಪ್ರಶ್ನೆಯ ವಿಷಯ. ನಾನು ಮೂರು ವರ್ಷದಿಂದ ಅಷ್ಟಿಷ್ಟು ಬದಲಿಸಿಕೊಂಡು ಬಳಸುವ ಒಂದನ್ನು ಪೂರ್ತಿ ಹೇಳುತ್ತೇನೆ. ನಮ್ಮ ಮಾರ್ಕೆಟ್ ಟೊಮೆಟೊದ್ದೇ ಅಲ್ವಾ, 15 ಕೆಜಿ ಬಾಕ್ಸ್ ಎಲ್ಲ ಮಕ್ಕಳಿಗೂ ಗೊತ್ತು. ಆರು ಬಾಕ್ಸ್ ತೂಗಿದರು ಅಂದುಕೊಳ್ಳಿ: 15, 16, 17, 16, 14, 18 ಕೆಜಿ.

ಮೊದಲ ಭಾಗ: ಈ ಆರು ಬಾಕ್ಸ್‌ಗಳ ತೂಕದ ಸ್ಟ್ಯಾಂಡರ್ಡ್ ಡೀವಿಯೇಶನ್ ಎಷ್ಟು? ನಮಗೆ ಬೇಕಾದದ್ದು ಈ ಆರರ ಲೆಕ್ಕ ಮಾತ್ರ. ಎರಡನೇ ಭಾಗ: ಇದೇ ಆರು ಬಾಕ್ಸ್‌ಗಳನ್ನು ಒಂದು ಲಾರಿ ಲೋಡ್‌ನಿಂದ ರ‍್ಯಾಂಡಮ್ ಆಗಿ ತೆಗೆದಿದ್ದಾರೆ. ಲೋಡ್‌ನ ಸರಾಸರಿ ತೂಕ 15 ಕೆಜಿ ಎಂಬ ಮಾತನ್ನು ಶೇ 5ರ ಮಟ್ಟದಲ್ಲಿ ಪರೀಕ್ಷಿಸಿ.

ಸರಾಸರಿ 16. ವ್ಯತ್ಯಾಸಗಳ ವರ್ಗಗಳ ಮೊತ್ತ 10. ಅಂಕಿಗಳನ್ನು ಬೇಕಂತಲೇ ಇಷ್ಟು ಸಲೀಸಾಗಿ ಇಟ್ಟಿದ್ದೇನೆ. ಸರಾಸರಿ 16.37 ಅಂತ ಬಂದರೆ ನಾವು ಪರೀಕ್ಷಿಸುವುದು ನೆನಪನ್ನಲ್ಲ, ಕೂಡುವುದು ಕಳೆಯುವುದನ್ನು. ಮೊದಲ ಭಾಗಕ್ಕೆ ಉತ್ತರ √(10/6), ಅಂದರೆ 1.29. ಎರಡನೇ ಭಾಗದಲ್ಲಿ ಆರು ಬಾಕ್ಸ್ ಸ್ಯಾಂಪಲ್ ಆದ್ದರಿಂದ ಭಾಗಿಸಬೇಕಾದದ್ದು 5ರಿಂದ. √(10/5) ಅಂದರೆ 1.41. ಅದನ್ನು √6ರಿಂದ ಭಾಗಿಸಿದರೆ 0.577. t = 1/0.577 = 1.73. ಟೇಬಲ್‌ನಲ್ಲಿ 5 ಡಿಗ್ರೀಸ್ ಆಫ್ ಫ್ರೀಡಂಗೆ ಎರಡೂ ಬದಿಯ ಬೆಲೆ 2.571. ಹಾಗಾಗಿ ಸರಾಸರಿ 15 ಅಲ್ಲ ಎನ್ನಲು ಈ ಆರು ಬಾಕ್ಸ್ ಸಾಲದು.

ಮೊದಲನೆಯದು ಯೂನಿಟ್ 1, ಎರಡನೆಯದು ಯೂನಿಟ್ 5. ಎರಡನ್ನೂ ಒಂದೇ ಅಂಕಿಗಳ ಮೇಲೆ ಕೂರಿಸಿದ್ದರಿಂದ ತಪ್ಪು ಎಲ್ಲಿ ಹುಟ್ಟಿತು ಅಂತ ಪೇಪರ್ ನೋಡಿದ ತಕ್ಷಣ ಗೊತ್ತಾಗುತ್ತೆ. ಮೊದಲ ಭಾಗಕ್ಕೇ 1.41 ಬರೆದಿದ್ದರೆ, ಹೊಸ ಯೂನಿಟ್ ಹಳೆಯದನ್ನು ಒತ್ತಿಬಿಟ್ಟಿದೆ. ಈಚೆಗೆ ಕಲಿತ n−1 ಅನ್ನು ಎಲ್ಲ ಕಡೆ ಹಾಕುತ್ತಿದ್ದಾರೆ. ಎರಡನೇ ಭಾಗದಲ್ಲಿ 1.29 ತಗೊಂಡು √6ರಿಂದ ಭಾಗಿಸಿ t = 1.90 ಅಂತ ಬರೆದಿದ್ದರೆ, ಹಳೆಯದು ಗಟ್ಟಿಯಾಗಿದೆ, ಹೊಸದು ಅದಕ್ಕೆ ಸೇರಿಲ್ಲ. ಇಲ್ಲಿ ಒಂದು ಎಚ್ಚರಿಕೆ. 1.29 ತಗೊಂಡು √5ರಿಂದ ಭಾಗಿಸಿದರೂ 0.577 ಬರುತ್ತೆ, t ಮತ್ತೆ 1.73. ನಮ್ಮ ಕಡೆಯ ಕೆಲವು ಪಠ್ಯಪುಸ್ತಕಗಳಲ್ಲಿ ಸೂತ್ರ ಇರುವುದೇ ಹಾಗೆ. ಅದು ಸರಿ ಉತ್ತರ. ಸ್ಕೀಮ್‌ನಲ್ಲಿ ಎರಡನ್ನೂ ಬರೆದಿಡಿ. ಇಲ್ಲದಿದ್ದರೆ ವ್ಯಾಲ್ಯುಯೇಶನ್ ಮಾಡುವವರು 1.29 ಕಂಡ ಕೂಡಲೇ ಕೆಂಪು ಗೆರೆ ಎಳೆದುಬಿಡುತ್ತಾರೆ.

ಇನ್ನೂ ಒಂದು. t 1.90 ಬಂದರೂ ಅದು 2.571ಕ್ಕಿಂತ ಕಡಿಮೆಯೇ. ಕೊನೆಯ ತೀರ್ಮಾನ ಬದಲಾಗಲ್ಲ. ಕೊನೆಯ ಸಾಲಿಗೆ ಜಾಸ್ತಿ ಮಾರ್ಕ್ಸ್ ಇಟ್ಟರೆ ತಪ್ಪು ಮಾಡಿದವರೂ ಪೂರ್ತಿ ಪಡೆಯುತ್ತಾರೆ. ನಾನು ಎಂಟು ಮಾರ್ಕ್ಸ್‌ನಲ್ಲಿ ಮೂರನ್ನು ಮೊದಲ ಭಾಗಕ್ಕೆ, ಎರಡನ್ನು ಸರಿಯಾದ ಸ್ಟ್ಯಾಂಡರ್ಡ್ ಎರರ್‌ಗೆ, ಎರಡನ್ನು t ಮತ್ತು ಟೇಬಲ್ ಬೆಲೆಗೆ ಇಡುತ್ತೇನೆ. ತೀರ್ಮಾನಕ್ಕೆ ಒಂದೇ. ಮೇಲಿನ ತಪ್ಪು ಕೆಳಗಿನ ಹೆಜ್ಜೆಗೆ ಸಾಗಿದರೆ ಒಂದು ಸಲ ಮಾತ್ರ ಮಾರ್ಕ್ಸ್ ಕಡಿತ.

ಒಂದು ಉತ್ತರಪತ್ರಿಕೆ ಇನ್ನೂ ಕಣ್ಣ ಮುಂದಿದೆ. ಒಬ್ಬ ಹುಡುಗಿ 10/6 ಬರೆದು ಹೊಡೆದು ಹಾಕಿದ್ದಳು. ಪಕ್ಕದಲ್ಲಿ 10/5. ಅದನ್ನೂ ಹೊಡೆದು ಮತ್ತೆ 10/6. ಪೆನ್ ಒತ್ತಿ ಒತ್ತಿ ಹಾಳೆ ಸಣ್ಣಗೆ ಹರಿದಿತ್ತು. ರಿಸಲ್ಟ್ ಬಂದ ಮೇಲೆ ಕರೆದು ಕೇಳಿದೆ. "ಸರ್, ಎರಡೂ ನೆನಪಿತ್ತು. ಯಾವಾಗ ಯಾವುದು ಅನ್ನೋದೇ ಗೊತ್ತಾಗ್ಲಿಲ್ಲ" ಎಂದಳು. ಕ್ಲಾಸಿನಲ್ಲಿ ಎರಡನ್ನೂ ಒಟ್ಟಿಗೆ ಬೋರ್ಡ್ ಮೇಲೆ ಇಟ್ಟು ತೋರಿಸಿದ್ದೇ ಇಲ್ಲ ನಾನು. ಯೂನಿಟ್ 1 ಮುಗಿಸಿ ಹನ್ನೆರಡು ವಾರ ಆದ ಮೇಲೆ ಯೂನಿಟ್ 5ಕ್ಕೆ ಬಂದಿದ್ದೆ. ಆ ಪ್ರಶ್ನೆ ಅವಳಿಗಿಂತ ಜಾಸ್ತಿ ನನ್ನ ಪಾಠವನ್ನೇ ಪರೀಕ್ಷಿಸಿತು. ಈಗ ಯೂನಿಟ್ 5 ಶುರು ಮಾಡುವ ದಿನ ಮೊದಲ ಹತ್ತು ನಿಮಿಷ ಈ ಎರಡು ಭಾಗಾಕಾರಗಳಿಗೇ ಮೀಸಲು.

ಎಲ್ಲ ಹಳೆ ಪ್ರಶ್ನೆಗಳೂ ಹೀಗೆ ಹೊಸದಕ್ಕೆ ಅಂಟಿಕೊಂಡಿರಬೇಕಿಲ್ಲ. ಒಂಟಿಯಾಗಿ ನಿಲ್ಲುವಂಥದ್ದೂ ಒಂದೆರಡು ಬೇಕು. ಉದಾಹರಣೆಗೆ, ಐದು ದಿನ ಬಾಕ್ಸ್ ರೇಟು 200, 220, 210, 230, 900 ರೂಪಾಯಿ ಇತ್ತು. ಆ ವಾರದ ಮಾಮೂಲಿ ರೇಟು ಎಷ್ಟು ಅಂತ ರೈತನಿಗೆ ಒಂದೇ ಅಂಕಿಯಲ್ಲಿ ಹೇಳಿ, ಕಾರಣ ಕೊಡಿ. ಮೀಡಿಯನ್ ಎಂಬ ಪದ ಪ್ರಶ್ನೆಯಲ್ಲಿಲ್ಲ. ಮೀನ್ 352, ಆ ರೇಟಿನ ಹತ್ತಿರಕ್ಕೂ ಯಾವ ದಿನವೂ ಮಾರಿಲ್ಲ. ಮೀಡಿಯನ್ 220. ಯೂನಿಟ್ 1 ತಲೆಯಲ್ಲಿ ಉಳಿದಿದ್ದರೆ ಎರಡು ನಿಮಿಷದ ಕೆಲಸ.

ಮಾರ್ಕ್ಸ್ ಬಗ್ಗೆ: ನಾನು 80ರಲ್ಲಿ 24ರವರೆಗೆ ಹಳೆ ಯೂನಿಟ್‌ಗಳಿಗೆ ಇಡುತ್ತೇನೆ. ಅದಕ್ಕಿಂತ ಮೇಲೆ ಹೋದರೆ ಇನ್ನೂ ಒಮ್ಮೆಯೂ ಪರೀಕ್ಷೆಗೆ ಬರದ ಕೊನೆಯ ಯೂನಿಟ್‌ಗಳಿಗೆ ಜಾಗ ಸಾಲಲ್ಲ. ತುಂಬಾ ಕಡಿಮೆ ಇಟ್ಟರೆ ಮಕ್ಕಳು ಆ ಭಾಗವನ್ನು ಕೈಬಿಡುತ್ತಾರೆ. ಇದನ್ನು ಸೆಮಿಸ್ಟರ್‌ನ ಮೊದಲ ವಾರವೇ ಅವರಿಗೆ ಹೇಳಿಬಿಡಿ. ಹೇಳದೆ ಕೊಟ್ಟರೆ ಅದು ಅನ್ಯಾಯ.

ಇನ್ನು ರಿಸಲ್ಟ್ ಓದುವುದು. ಇದರಲ್ಲಿ ಎಡವುವವರೇ ಜಾಸ್ತಿ. 40 ಜನರ ಕ್ಲಾಸ್ ಅಂದುಕೊಳ್ಳಿ. ಫಸ್ಟ್ ಇಂಟರ್ನಲ್ಸ್‌ನಲ್ಲಿ ಒಂದು ಲೆಕ್ಕ 30 ಜನಕ್ಕೆ ಬಂತು. ಫೈನಲ್‌ನಲ್ಲಿ ಅಂಥದ್ದೇ ಲೆಕ್ಕ 22 ಜನಕ್ಕೆ ಬಂತು. ಎಂಟು ಜನ ಮರೆತರು ಅನ್ನಿಸುತ್ತೆ, ಅಲ್ವಾ? ಹೆಸರು ಹಿಡಿದು ನೋಡಿದರೆ ಕಥೆ ಬೇರೆಯೇ ಇರಬಹುದು. ಆ 30ರಲ್ಲಿ 18 ಜನ ಉಳಿಸಿಕೊಂಡಿದ್ದಾರೆ, 12 ಜನ ಕಳೆದುಕೊಂಡಿದ್ದಾರೆ. ಮೊದಲು ಬರದಿದ್ದ 10ರಲ್ಲಿ ನಾಲ್ವರು ಆಮೇಲೆ ಕಲಿತಿದ್ದಾರೆ. ಮರೆತವರು 12. ಉಳಿದ ಆರು ಜನ ಮರೆತಿಲ್ಲ, ಅವರಿಗೆ ಮೊದಲಿಂದಲೂ ಬಂದೇ ಇಲ್ಲ. ಈ ಎರಡು ಗುಂಪಿಗೆ ಬೇಕಾದ ಸಹಾಯ ಬೇರೆ ಬೇರೆ. ಮರೆತವರಿಗೆ ಎರಡು ಲೆಕ್ಕ ಮಾಡಿಸಿದರೆ ಬಹಳಷ್ಟು ಸಲ ವಾಪಸ್ ಬರುತ್ತೆ. ಬರದವರಿಗೆ ಮೊದಲಿಂದ ಪಾಠ ಮಾಡಬೇಕು. ಹಾಗಾಗಿ ಫಸ್ಟ್ ಇಂಟರ್ನಲ್ಸ್‌ನ ಪ್ರಶ್ನೆವಾರು ಮಾರ್ಕ್ಸ್ ಪಟ್ಟಿಯನ್ನು ಈಗಲೇ ತೆಗೆದಿಡಿ. ಟೋಟಲ್ ಮಾತ್ರ ಎಂಟ್ರಿ ಮಾಡಿ ಬ್ಲೂಬುಕ್‌ಗಳನ್ನು ವಾಪಸ್ ಕೊಟ್ಟುಬಿಟ್ಟಿದ್ದರೆ ಈ ಹೋಲಿಕೆ ಈ ಸಲ ಆಗಲ್ಲ. ಮುಂದಿನ ಸೆಮಿಸ್ಟರ್‌ಗೆ ಶುರುವಿನಿಂದಲೇ ಒಂದು ಶೀಟ್ ಇಟ್ಟುಕೊಳ್ಳಿ.

ಪೇಪರ್ ಕೊಡುವ ಮುಂಚೆ ನೀವೇ ಕೂತು ಪೂರ್ತಿ ಬಿಡಿಸಿ, ಗಡಿಯಾರ ನೋಡಿಕೊಳ್ಳಿ. ಹೆಡಿಂಗ್ ಇಲ್ಲದ ಪೇಪರ್‌ನಲ್ಲಿ ಪ್ರತಿ ಲೆಕ್ಕಕ್ಕೂ ಯೋಚಿಸುವ ಟೈಮ್ ಜಾಸ್ತಿ ಬೇಕು. ಮೂರು ಗಂಟೆಯ ಪೇಪರ್ ನನಗೆ ಒಂದು ಗಂಟೆಗಿಂತ ಜಾಸ್ತಿ ಹಿಡಿದರೆ ಒಂದು ಪ್ರಶ್ನೆ ತೆಗೆದುಬಿಡುತ್ತೇನೆ. ತೆಗೆಯುವಾಗ ಹೊಸ ಯೂನಿಟ್‌ನ ಉದ್ದ ಲೆಕ್ಕವನ್ನು ತೆಗೆಯಿರಿ. ಹಳೆ ಯೂನಿಟ್‌ನ ಸಣ್ಣದಕ್ಕೆ ಕೈ ಹಾಕಬೇಡಿ.